ಸೋದರಮಾವನಾದ ದಿನ ಏನು ಬರೆಯಬೇಕು?

ಮಗು ಹುಟ್ಟಿದ ದಿನ ಇಡೀ ಮನೆಯಲ್ಲಿ ಕೈ ಖಾಲಿ ಇರುವವರು ಯಾರಾದರೂ ಇದ್ದರೆ ಅವರು ಮಗುವಿನ ಮಾವ, ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮಂದಿರು. ತಾಯಿಗೆ ಕಣ್ಣು ಬಿಡಲೂ ತ್ರಾಣವಿರುವುದಿಲ್ಲ. ಅಪ್ಪನಾದವನು ಬಿಲ್ ಕಟ್ಟುವ ಕೌಂಟರಿಗೂ ಔಷಧಿ ಅಂಗಡಿಗೂ ಓಡಾಡುತ್ತಿರುತ್ತಾನೆ. ಅಜ್ಜಿ ಬಾಣಂತಿ ಸಾರಿನ ಮೆಣಸು ಜೀರಿಗೆ ಹುರಿಯಲು ಆಗಲೇ ಮನೆಗೆ ಹೊರಟಿರುತ್ತಾಳೆ. ತಾತ ಪಂಚಾಂಗ ತೆರೆದು ನಕ್ಷತ್ರ ನೋಡುತ್ತಾ ಯಾರು ಮಾತಾಡಿಸಿದರೂ ‘ಸ್ವಲ್ಪ ಇರಿ’ ಅನ್ನುತ್ತಾನೆ. ಉಳಿದವರು ಇವರು. ಕಣ್ಣಲ್ಲಿ ನಿದ್ದೆಯಿಲ್ಲ, ಕೈಯಲ್ಲಿ ಫೋನಿದೆ, ಎದೆಯಲ್ಲಿ ಏನೋ ಉಕ್ಕುತ್ತಿದೆ, ಅದನ್ನು ಯಾರಿಗಾದರೂ ಹೇಳಲೇಬೇಕು. ಹಾಗಾಗಿ ಹೊಸ ಮಗುವಿನ ಬಗ್ಗೆ ಜಗತ್ತು ಓದುವ ಮೊದಲ ಎರಡು ಸಾಲು ಬಹಳ ಸಲ ಇವರದೇ.

ಆ ಎರಡು ಸಾಲು ಮಾತ್ರ ಎಲ್ಲರ ಫೋನಿನಲ್ಲೂ ಒಂದೇ. ‘ನಮ್ಮ ಮನೆಗೆ ಪುಟ್ಟ ದೇವತೆಯ ಆಗಮನ’, ‘ಅಧಿಕೃತವಾಗಿ ಮಾಮ ಆದೆ’, ‘ಪ್ರಮೋಷನ್ ಸಿಕ್ಕಿತು’, ‘ಜಗತ್ತಿನ ಅತ್ಯಂತ ಸುಂದರ ಕ್ಷಣ’. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇವನ್ನು ಯಾವ ಊರಿನ ಯಾವ ಮಗುವಿನ ಫೋಟೋದ ಕೆಳಗೆ ಅಂಟಿಸಿದರೂ ಅಂಟುತ್ತವೆ. ಬರೆದವರು ಆ ಬೆಳಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿದ್ದರೋ ಬಹರೈನಿನ ಆಫೀಸಿನಲ್ಲಿದ್ದರೋ ಗೊತ್ತಾಗುವುದಿಲ್ಲ. ಮಗುವಿಗೆ ಇವರು ಮಾವನೋ ಚಿಕ್ಕಪ್ಪನೋ ಅನ್ನುವುದು ಕೂಡ ಕೆಲವು ಸಲ ತಿಳಿಯುವುದಿಲ್ಲ, ಯಾಕೆಂದರೆ ‘ಅಂಕಲ್’ ಎಂದಷ್ಟೇ ಬರೆದಿರುತ್ತಾರೆ. ಬೀದಿ ಕೊನೆಯ ಅಂಗಡಿಯವರೂ ಅಂಕಲ್ಲೇ.

ಕ್ಯಾಪ್ಷನ್ನಿನ ಕೆಲಸ ಅಲ್ಲಿಂದಲೇ ಶುರು. ಮೊದಲು, ನೀವು ಏನಾಗಿದ್ದೀರಿ ಎಂದು ನೋಡಿಕೊಳ್ಳಬೇಕು. ನಮ್ಮ ಕಡೆ ಇದು ಬರೀ ಸಂಬಂಧದ ಹೆಸರಲ್ಲ, ಕೆಲಸಗಳ ಪಟ್ಟಿ ಸಮೇತ ಬರುವ ಹುದ್ದೆ. ಅಕ್ಕನಿಗೆ ಮಗುವಾದರೆ ನೀವು ಸೋದರಮಾವ. ಕಿವಿ ಚುಚ್ಚುವಾಗ ಮಗು ಕೂರುವುದು ಹಲವು ಮನೆಗಳಲ್ಲಿ ನಿಮ್ಮ ತೊಡೆಯ ಮೇಲೆ, ಅದು ಕಿರುಚುವುದು ನಿಮ್ಮ ಕಿವಿಯಲ್ಲಿ. ಮೊದಲ ಕೂದಲು ತೆಗೆಸುವ ದಿನವೂ ನಿಮಗೇ ಕರೆ. ಇಪ್ಪತ್ತೈದು ವರ್ಷ ಕಳೆದ ಮೇಲೆ ಮದುವೆಯ ಮಂಟಪಕ್ಕೆ ಹುಡುಗಿಯನ್ನು ಕರೆತರುವವರೂ ನೀವೇ. ಅಣ್ಣನಿಗೆ ಮಗುವಾಗಿ ನೀವು ಹೆಣ್ಣಾಗಿದ್ದರೆ ಸೋದರತ್ತೆ, ತೊಟ್ಟಿಲಿಗೆ ಹಾಕಿ ಹೆಸರು ಹೇಳುವ ಗೌರವ ನಿಮ್ಮದು. ಅಣ್ಣನ ಮಗುವಿಗೆ ತಮ್ಮ ಚಿಕ್ಕಪ್ಪ, ಅಕ್ಕನ ಮಗುವಿಗೆ ತಂಗಿ ಚಿಕ್ಕಮ್ಮ. ಇವರಿಗೆ ಇಂಥ ಶಾಸ್ತ್ರಗಳು ಕಡಿಮೆ, ಆದರೆ ಒಂದು ದೊಡ್ಡ ಸವಲತ್ತಿದೆ. ಆ ಮಗುವನ್ನು ಇವರು ‘ನನ್ನ ಮಗಳು’ ‘ನನ್ನ ಮಗ’ ಎಂದೇ ಕರೆಯಬಹುದು.

ಈ ಸವಲತ್ತು ಕ್ಯಾಪ್ಷನ್ನಿನಲ್ಲಿ ಸ್ವಲ್ಪ ಗಲಿಬಿಲಿ ಎಬ್ಬಿಸುತ್ತದೆ. ಇಪ್ಪತ್ತಮೂರರ ಹುಡುಗಿಯೊಬ್ಬಳು ‘ನನ್ನ ಮಗಳು ಬಂದಳು’ ಎಂದು ಬರೆದರೆ ಕಾಲೇಜಿನ ಗೆಳತಿಯರು ಮೊದಲು ಕೇಳುವುದು ಮದುವೆಗೆ ಯಾಕೆ ಕರೆಯಲಿಲ್ಲ ಅಂತ. ಸೋದರಮಾವನ ಪಾಡೂ ಅಷ್ಟೇ. ‘ಅಳಿಯ ಬಂದ’ ಅಂದರೆ, ಮದುವೆಯಾಗದ ಇವನಿಗೆ ಮಗಳೆಲ್ಲಿಂದ ಬಂದಳು ಎಂದು ಉತ್ತರ ಭಾರತದ ಸಹೋದ್ಯೋಗಿ ತಲೆ ಕೆರೆದುಕೊಳ್ಳುತ್ತಾನೆ. ಗಲಿಬಿಲಿಯನ್ನು ತಪ್ಪಿಸುವ ಬದಲು ಅದನ್ನೇ ನಗೆಗೆ ಬಳಸಿಕೊಳ್ಳುವುದು ಜಾಣತನ. ‘ಮದುವೆ ಆಗಿಲ್ಲ, ಬಸುರಿ ಬಯಕೆ ತಿಂದಿಲ್ಲ, ಒಂದು ರಾತ್ರಿ ನಿದ್ದೆಗೆಟ್ಟಿಲ್ಲ. ಆದರೂ ನನಗೊಬ್ಬಳು ಮಗಳು. ಕಷ್ಟ ಎಲ್ಲಾ ಅಕ್ಕಂದು, ಚಿಕ್ಕಮ್ಮ ಅನ್ನಿಸಿಕೊಳ್ಳೋ ಸುಖ ನಂದು.’ ಇದು ಆ ಹುಡುಗಿ ಮಾತ್ರ ಬರೆಯಬಹುದಾದ ಸಾಲು. ಸೋದರತ್ತೆಗೆ ಬರುವುದಿಲ್ಲ, ಅಂಕಲ್ಲಿಗಂತೂ ಬರುವುದೇ ಇಲ್ಲ.

ದೊಡ್ಡಪ್ಪ ದೊಡ್ಡಮ್ಮಂದಿರದು ಬೇರೆಯದೇ ಸಂಕಟ. ತಮ್ಮನಿಗೆ ಬೇಗ ಮದುವೆಯಾಗಿ ಮಗುವಾದರೆ ಇಪ್ಪತ್ತೊಂಬತ್ತರ ಅಣ್ಣ ರಾತ್ರೋರಾತ್ರಿ ದೊಡ್ಡಪ್ಪ. ಆ ಹೆಸರು ಕೇಳಿದರೇ ಹೆಗಲ ಮೇಲೆ ಶಲ್ಯ, ಬಾಯಲ್ಲಿ ಎಲೆಯಡಿಕೆ ಕಾಣುತ್ತದೆ. ಅವನು ಹೀಗೆ ಬರೆದರೆ ಯಾರೂ ನಗದೇ ಇರಲಾರರು: ‘ವಯಸ್ಸು 29. ಇವತ್ತಿನಿಂದ ದೊಡ್ಡಪ್ಪ. ಮನೆಯಲ್ಲಿ ಹಳೇ ಶಲ್ಯ, ಊರುಗೋಲು ಇದ್ದವರು ದಯವಿಟ್ಟು ತಿಳಿಸಿ.’

ಊರು ಬದಲಾದ ಹಾಗೆ ಕರೆಯುವ ಹೆಸರೂ ಬದಲಾಗುತ್ತದೆ. ಚಿಕ್ಕಮ್ಮ ಎಷ್ಟೋ ಮನೆಗಳಲ್ಲಿ ಚಿಕ್ಕಿ, ಧಾರವಾಡದ ಕಡೆ ಚಿಗವ್ವ. ಅಲ್ಲಿ ಚಿಕ್ಕಪ್ಪ ಕಾಕಾ, ಅತ್ತೆ ಅತ್ತಿ. ಹವ್ಯಕರ ಮನೆಯಲ್ಲಿ ಚಿಕ್ಕಪ್ಪನನ್ನು ಅಪ್ಪಚ್ಚಿ ಅನ್ನುತ್ತಾರೆ. ಮಗು ಮುಂದೆ ನಿಮ್ಮನ್ನು ಯಾವ ಹೆಸರಿನಿಂದ ಕೂಗುತ್ತದೋ ಅದನ್ನೇ ಕ್ಯಾಪ್ಷನ್ನಿನಲ್ಲೂ ಬರೆಯಿರಿ. ‘ಅಪ್ಪಚ್ಚಿ ಆದೆ’ ಎಂಬ ಎರಡು ಪದದಲ್ಲಿ ಊರು, ಮನೆ, ಅಡಿಕೆ ತೋಟ ಎಲ್ಲ ಬಂದುಬಿಡುತ್ತದೆ.

ಸೋದರಮಾವನ ಹುದ್ದೆಗೆ ಇನ್ನೊಂದು ಭಾರವಿದೆ. ನಮ್ಮ ಪುರಾಣಗಳಲ್ಲಿ ಮಾವಂದಿರಿಗೆ ಒಳ್ಳೆಯ ಹೆಸರಿಲ್ಲ. ಕೃಷ್ಣನಿಗೆ ಕಂಸ, ಕೌರವರಿಗೆ ಶಕುನಿ. ನಕುಲ ಸಹದೇವರ ಮಾವ ಶಲ್ಯ ಹೊರಟಿದ್ದು ಅಳಿಯಂದಿರ ಕಡೆಗೆ, ಸೇರಿದ್ದು ದುರ್ಯೋಧನನ ಕಡೆಗೆ. ಇಷ್ಟು ಕೆಟ್ಟ ದಾಖಲೆ ಬೇರೆ ಯಾವ ಸಂಬಂಧಕ್ಕೂ ಇರಲಾರದು. ಹಾಗಾಗಿ ‘ಕಂಸನೂ ಅಲ್ಲ, ಶಕುನಿಯೂ ಅಲ್ಲ. ಈ ಹುದ್ದೆಗೆ ಹೋದ ಮರ್ಯಾದೆ ವಾಪಸ್ ತರೋಕೆ ಬಂದಿರೋ ಮಾವ’ ಎಂದು ಬರೆದರೆ ಅಜ್ಜಿಯಿಂದ ಹಿಡಿದು ಪಕ್ಕದ ಮನೆ ಹುಡುಗನ ತನಕ ಎಲ್ಲರಿಗೂ ಅರ್ಥವಾಗುತ್ತದೆ. ನನಗೆ ಇದಕ್ಕಿಂತ ಇಷ್ಟವಾಗುವುದು ಅಭಿಮನ್ಯುವಿನ ದಾರಿ. ಅವನ ಸೋದರಮಾವ ಸ್ವತಃ ಕೃಷ್ಣ. ಜನ ಹೇಳುವ ಕತೆಯಲ್ಲಿ, ತಂಗಿ ಸುಭದ್ರೆಗೆ ಕೃಷ್ಣ ಚಕ್ರವ್ಯೂಹದ ಗುಟ್ಟು ಹೇಳುತ್ತಿದ್ದಾಗ ಹೊಟ್ಟೆಯೊಳಗಿನ ಮಗು ಹೂಂಗುಟ್ಟುತ್ತಿತ್ತು. ಒಳಹೋಗುವ ದಾರಿ ಕೇಳಿಸಿಕೊಂಡಿತು, ಹೊರಬರುವುದನ್ನು ಹೇಳುವಷ್ಟರಲ್ಲಿ ಕತೆ ನಿಂತುಹೋಯಿತು. ಮುಂದಿನದು ಎಲ್ಲರಿಗೂ ಗೊತ್ತು. ಈಗ ಇದನ್ನು ಓದಿ: ‘ಕತೆ ಅರ್ಧಕ್ಕೆ ನಿಲ್ಲಿಸೋದಿಲ್ಲ ಕಣೋ ಅಳಿಯಾ. ಹೊರಗೆ ಬರೋ ದಾರೀನೂ ಹೇಳೇ ಮಲಗೋದು. ಇಂತಿ, ನಿನ್ನ ಮಾವ.’ ತಮಾಷೆಯ ಒಳಗೆ ಒಂದು ಮಾತು ಕೊಟ್ಟ ಹಾಗಿದೆ.

ಆಕಾಶದಲ್ಲೂ ಒಬ್ಬ ಮಾವನಿದ್ದಾನೆ. ಸಮುದ್ರ ಮಥನದಲ್ಲಿ ಲಕ್ಷ್ಮಿಯೂ ಚಂದ್ರನೂ ಹುಟ್ಟಿಬಂದರು, ಲಕ್ಷ್ಮಿ ಎಲ್ಲರ ತಾಯಿ, ಅವಳ ಒಡಹುಟ್ಟಿದವನು ಎಲ್ಲರ ಮಾವ. ಚಂದಮಾಮ ಎಂದು ಕರೆಯುವುದಕ್ಕೆ ಹಿರಿಯರು ಕೊಡುವ ಕಾರಣ ಇದು. ಅವನ ಜೊತೆ ಪೈಪೋಟಿಗಿಳಿಯುವುದು ಹೊಸ ಮಾವನಿಗೆ ಒಪ್ಪುತ್ತದೆ. ‘ಮೇಲಿನ ಮಾವ ಅಮಾವಾಸ್ಯೆಗೆ ರಜೆ ಹಾಕ್ತಾನೆ. ಈ ಮಾವ ತಿಂಗಳು ಪೂರ್ತಿ ಡ್ಯೂಟಿ.’

ಅತ್ತೆಯಂದಿರಿಗೆ ಪುರಾಣ ಅಷ್ಟು ಕೈಹಿಡಿಯುವುದಿಲ್ಲ. ಕುಂತಿ ಕೃಷ್ಣನ ಸೋದರತ್ತೆ ನಿಜ, ಆದರೆ ಇಂದ್ರಜಿತುವಿನ ಸೋದರತ್ತೆ ಶೂರ್ಪನಖಿ, ಪ್ರಹ್ಲಾದನ ಸೋದರತ್ತೆ ಹೋಲಿಕೆ. ಹೋಲಿಕೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಂಕಿಗೆ ಇಳಿದವಳು. ಹಸುಗೂಸಿನ ಫೋಟೋದ ಕೆಳಗೆ ಬೆಂಕಿಯ ಮಾತು ಬೇಡ, ಎಷ್ಟೇ ನಗು ಬರುವಂತಿದ್ದರೂ. ಅತ್ತೆಯ ನಗೆಗೆ ಬೇಕಾದ ಸರಕು ನಾಮಕರಣದಲ್ಲೇ ಇದೆ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಮಗುವಿನ ಕಿವಿಯ ಹತ್ತಿರ ಬಾಗಿ ‘ಕುರ್‍ರ್’ ಎಂದು ಹೆಸರು ಹೇಳುತ್ತಾಳೆ. ಆ ಹೊತ್ತಿಗೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ನಗುನಗುತ್ತಲೇ, ಆದರೆ ಕೆಲವರು ಸ್ವಲ್ಪ ಹಳೆಯ ಲೆಕ್ಕವನ್ನೂ ಸೇರಿಸಿ. ‘ಅತ್ತಿ ಆದ್ನಿ ನೋಡ್ರಿ! ಹೆಸರಿಡೂ ಹಕ್ಕೂ ನಂದು, ಗುದ್ದು ತಿನ್ನೂ ಬೆನ್ನೂ ನಂದು.’ ಇದನ್ನು ಬೆಂಗಳೂರು ಕನ್ನಡಕ್ಕೆ ತಿದ್ದಿದರೆ ಅರ್ಧ ರುಚಿ ಹೋಗುತ್ತದೆ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯುವುದು ಈ ಬಗೆಯ ಬರಹದ ಮೊದಲ ಗುಟ್ಟು. ‘ಆಗಮಿಸಿದ್ದಾಳೆ’ ಅನ್ನುವುದು ಮಂತ್ರಿಗಳಿಗೆ. ಮಗು ಬರುತ್ತದೆ, ಅಷ್ಟೆ.

ಕರಾವಳಿಯ ಮಾವನಿಗೆ ಇನ್ನೊಂದು ವಿಶೇಷ ಸಿಗುತ್ತದೆ. ಅಲ್ಲಿ ಅಳಿಯಕಟ್ಟಿನ ಮನೆತನಗಳಲ್ಲಿ ಆಸ್ತಿ ಹೆಣ್ಣಿನ ಸಂತಾನದ ಮೂಲಕ ಇಳಿಯುತ್ತಿತ್ತು, ಮನೆಯ ಯಜಮಾನಿಕೆ ಮಾವನಿಂದ ಅಕ್ಕತಂಗಿಯರ ಮಗನಿಗೆ ಹೋಗುತ್ತಿತ್ತು. ಈಗ ಕಾಲವೂ ಕಾನೂನೂ ಬದಲಾಗಿವೆ, ನೆನಪು ಉಳಿದಿದೆ. ‘ವಾರಸುದಾರ ಬಂದ. ಆಸ್ತಿ ವಿವರ: ಒಂದು ಬೈಕು, ಅದರ ಮೇಲೆ ಹದಿನೆಂಟು ಕಂತು.’

ಹುದ್ದೆ ಗೊತ್ತಾಯಿತು. ಇನ್ನು ಮಗುವಿನ ಕಡೆಗೆ ತಿರುಗೋಣ. ಇಲ್ಲಿ ಬಹಳ ಜನ ಮಗುವಿನ ಮೇಲೆ ತಮ್ಮ ಆಸೆಯನ್ನು ಹೊದಿಸಿಬಿಡುತ್ತಾರೆ. ‘ನನ್ನನ್ನು ನೋಡಿ ನಕ್ಕಳು’ ಎಂದು ಬರೆಯುತ್ತಾರೆ. ಹುಟ್ಟಿದ ಮೊದಲ ದಿನಗಳ ನಗು ನಿದ್ದೆಯಲ್ಲಿ ತಾನಾಗಿ ಬಂದು ಹೋಗುವಂಥದ್ದು. ಎದುರಿನ ಮುಖ ನೋಡಿ ನಗುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರದ ಹೊತ್ತಿಗೆ. ನೋಡುವುದು ಕೂಡ ಹಾಗೆಯೇ. ಹಸುಗೂಸಿಗೆ ಇಪ್ಪತ್ತು ಮೂವತ್ತು ಸೆಂಟಿಮೀಟರ್ ಆಚೆಗಿನದೆಲ್ಲ ಮಸುಕು. ಹಾಲು ಕುಡಿಯುವಾಗ ತಾಯಿಯ ಮುಖ ಎಷ್ಟು ದೂರವೋ ಅಷ್ಟೇ ಅದರ ಲೋಕ. ಬಾಗಿಲಲ್ಲಿ ನಿಂತು ಕೈ ಬೀಸುವ ಚಿಕ್ಕಪ್ಪ ಆ ಲೋಕದಲ್ಲಿ ಇನ್ನೂ ಹುಟ್ಟಿಲ್ಲ. ಅಳುವಾಗ ಮೊದಲ ಕೆಲವು ವಾರ ಕಣ್ಣೀರು ಕೆನ್ನೆಗೆ ಇಳಿಯುವಷ್ಟು ಬರುವುದಿಲ್ಲ. ಇನ್ನು, ಅಂಗೈಗೆ ಬೆರಳು ತಾಗಿಸಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದಲ್ಲ, ಅದು ಯಾರ ಬೆರಳಾದರೂ ಹಿಡಿಯುವ ಹಿಡಿತ. ಹುಟ್ಟಿನಿಂದಲೇ ಬಂದ ಆ ಪ್ರತಿಕ್ರಿಯೆ ಐದಾರು ತಿಂಗಳಲ್ಲಿ ಮಾಯವಾಗಿ, ಬೇಕಾದ್ದನ್ನು ಬೇಕೆಂದು ಹಿಡಿಯುವ ಹಿಡಿತ ಬರುತ್ತದೆ.

ಇಷ್ಟು ತಿಳಿದರೆ ಬರೆಯುವ ಉತ್ಸಾಹ ಇಳಿಯಬೇಕಿಲ್ಲ. ಸಾಲಿಗೆ ಬೇಕಾದ ಎಳೆ ಸಿಗುವುದು ಇಲ್ಲಿಯೇ. ನಿಮಗೆ ಅನಿಸಿದ್ದು ಒಂದು, ನಿಜ ಇನ್ನೊಂದು, ಅವೆರಡರ ನಡುವಿನ ಸಂದಿಯಲ್ಲಿ ನಗುವೂ ಮಮತೆಯೂ ಒಟ್ಟಿಗೆ ಕೂತಿರುತ್ತವೆ. ‘ಬೆರಳು ಹಿಡಿದಳು. ಅದು ಎಲ್ಲ ಮಕ್ಕಳೂ ಮಾಡ್ತವೆ, ಯಾರ ಬೆರಳಾದರೂ ಹಿಡೀತವೆ ಅಂದರು ನರ್ಸ್ ಅಕ್ಕ. ಇರಬಹುದು. ನನ್ನದನ್ನು ಮಾತ್ರ ಬಿಡಲಿಲ್ಲ.’ ಈ ಸಾಲಿನಲ್ಲಿ ಪ್ರೀತಿ ಎಂಬ ಪದವಿಲ್ಲ. ಹಾಗೆಯೇ, ‘ನನ್ನ ಮುಖ ಇನ್ನೂ ಮಸುಕು ಮಸುಕಾಗಿ ಕಾಣುತ್ತಂತೆ. ಒಳ್ಳೇದೇ ಆಯ್ತು, ನಿಧಾನಕ್ಕೆ ಅಭ್ಯಾಸ ಆಗಲಿ’ ಎಂದು ಚಿಕ್ಕಪ್ಪನೊಬ್ಬ ಬರೆದರೆ ಅವನ ಗೆಳೆಯರು ಅದನ್ನು ವರ್ಷಗಟ್ಟಲೆ ಬಳಸಿಕೊಳ್ಳುತ್ತಾರೆ.

ನಗೆಯ ಬಾಣ ಯಾವ ಕಡೆಗೆ ಎಂಬುದನ್ನು ಗಮನಿಸಿದಿರಾ? ಇಷ್ಟು ಸಾಲುಗಳಲ್ಲಿ ಎಲ್ಲಿಯೂ ಅದು ಮಗುವಿಗೆ ನಾಟುವುದಿಲ್ಲ, ಬರೆದವರಿಗೇ ನಾಟುತ್ತದೆ. ತಲೆ ಉದ್ದವಾಗಿದೆ, ಮೂಗು ಚಪ್ಪಟೆಯಾಗಿದೆ, ಮುದುಕನ ಹಾಗೆ ಸುಕ್ಕಾಗಿದೆ ಎಂದು ಬರೆಯುವವರಿದ್ದಾರೆ. ಹೆರಿಗೆಯ ದಾರಿಯಲ್ಲಿ ಒತ್ತಿ ಬಂದ ತಲೆ ಕೆಲವು ದಿನಗಳಲ್ಲಿ ದುಂಡಗಾಗುತ್ತದೆ, ಬಣ್ಣವೂ ವಾರಗಟ್ಟಲೆ ಬದಲಾಗುತ್ತಲೇ ಇರುತ್ತದೆ, ಬರೆದ ಸಾಲು ಮಾತ್ರ ಹಾಗೇ ಉಳಿಯುತ್ತದೆ. ಬಣ್ಣದ ಮಾತಂತೂ ಎತ್ತಲೇಬಾರದು. ‘ಬೆಳ್ಳಗೆ ಗೊಂಬೆ ಹಾಗಿದಾಳೆ’ ಎಂದು ಓದಿದ ಕೂಡಲೇ ಅದೇ ಮನೆಯ ಇನ್ನೊಂದು ಮಗುವಿನ ತಾಯಿ ಏನು ಅಂದುಕೊಳ್ಳುತ್ತಾಳೆ ಎಂದು ಯೋಚಿಸಿದರೆ ಸಾಕು.

ಹೋಲಿಕೆಯ ಜಗಳ ಇನ್ನೂ ಸೂಕ್ಷ್ಮ. ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ತವರಿನಲ್ಲಿ. ಹಾಗಾಗಿ ಮಾವನೂ ಚಿಕ್ಕಿಯೂ ಮಗುವನ್ನು ಮೊದಲು ನೋಡುತ್ತಾರೆ, ಸೋದರತ್ತೆ ಚಿಕ್ಕಪ್ಪಂದಿರು ಬೀಗರ ಜೊತೆ ಆಮೇಲೆ ಬರುತ್ತಾರೆ, ಅಲ್ಲಿಯವರೆಗೆ ವಿಡಿಯೋ ಕಾಲ್‌ನಲ್ಲಿ ಮಗುವಿನ ಕಿವಿ ಮಾತ್ರ ಕಂಡಿರುತ್ತದೆ. ಈ ಹೊತ್ತಿನಲ್ಲಿ ಮಾವನಾದವನು ‘ಮೂಗು ಪಕ್ಕಾ ನಮ್ಮ ಕಡೆಯದು’ ಎಂದು ಬರೆದನೋ, ಆ ಕಡೆಯ ಊರಿನಲ್ಲಿ ಒಂದು ಶೀತಲ ಸಮರ ಶುರುವಾಯಿತು ಎಂದೇ ಲೆಕ್ಕ. ಸಂಜೆಯೊಳಗೆ ಸೋದರತ್ತೆ ತನ್ನ ಅಣ್ಣನ ಬಾಲ್ಯದ ಕಪ್ಪುಬಿಳುಪು ಫೋಟೋ ಹುಡುಕಿ ತೆಗೆದು ಪಕ್ಕಪಕ್ಕ ಹಾಕುತ್ತಾಳೆ. ಹಕ್ಕು ಸಾಧಿಸಲೇಬೇಕಾದರೆ ಯಾರಿಗೂ ಬೇಡದ್ದರ ಮೇಲೆ ಸಾಧಿಸಬೇಕು. ‘ದಿನಕ್ಕೆ ಹದಿನಾರು ಗಂಟೆ ನಿದ್ದೆ. ಇದು ನನ್ನ ಕಡೆಯಿಂದ ಬಂದದ್ದು. ಮೂಗು, ಕಣ್ಣು, ಕಿವಿ ಉಳಿದವರು ಹಂಚಿಕೊಳ್ಳಿ.’ ದೂರದಲ್ಲಿರುವ ಅತ್ತೆಗೆ ತನ್ನ ದೂರವನ್ನೇ ಬರೆಯುವ ಅವಕಾಶವಿದೆ. ‘ಇಲ್ಲಿಯ ತನಕ ನೋಡಿದ್ದು: ಒಂದು ಕಿವಿ, ಅರ್ಧ ಟೋಪಿ, ಅತ್ತಿಗೆಯ ಹೆಬ್ಬೆರಳು. ಸಾಕು, ನನ್ನ ಸೊಸೆ ಚೆಲುವೆ.’

ಈಗ ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಹಾಸನ ಜಿಲ್ಲೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೆಲಸ, ಅಕ್ಕನಿಗೆ ನೋವು ಶುರುವಾಯಿತೆಂದು ರಾತ್ರಿ ಬಸ್ಸು ಹಿಡಿದು ಬಂದಿದ್ದಾನೆ. ಬೆಳಗಿನ ಜಾವ ಹೆಣ್ಣುಮಗು. ಅವನು ಬರೆದ ಮೊದಲ ಕರಡು ಹೀಗಿತ್ತು ಎನ್ನೋಣ: ‘ನಮ್ಮ ಮನೆಗೆ ಪುಟ್ಟ ದೇವತೆಯ ಆಗಮನ! ಅಧಿಕೃತವಾಗಿ ಮಾಮ ಆದೆ! ಜೀವನದ ಅತ್ಯಂತ ಸುಂದರ ಕ್ಷಣ!’ ಮೂರು ವಾಕ್ಯ, ಮೂರು ಉದ್ಗಾರ, ಮಗು ಎಲ್ಲಿಯೂ ಇಲ್ಲ.

ಇಲ್ಲಿ ಅವನು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಬೆಳಗ್ಗೆ ನನ್ನ ಮೈಗೆ ಏನಾಯಿತು ಎಂದು. ಮನಸ್ಸಿಗೆ ಏನಾಯಿತು ಎಂದು ಕೇಳಿಕೊಂಡರೆ ‘ಮಾತಲ್ಲಿ ಹೇಳಲಾಗದು’ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಮೈ ಸುಳ್ಳು ಹೇಳುವುದಿಲ್ಲ. ಅವನು ರಾತ್ರಿಯಿಡೀ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದ. ಬಿಸಿನೀರಿಗೆಂದು ಫ್ಲಾಸ್ಕ್ ಹಿಡಿದು ಕ್ಯಾಂಟೀನಿಗೆ ಓಡಿದ್ದ. ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿದ ಮಗುವನ್ನು ಅಮ್ಮ ಅವನ ಕೈಗೆ ಕೊಡಲು ಬಂದಾಗ ‘ಬೇಡ, ಬೀಳಿಸ್ತೀನಿ’ ಅಂದಿದ್ದ. ಕೊಟ್ಟ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದ, ಕೈ ನಡುಗುತ್ತಿತ್ತು. ಅಷ್ಟರಲ್ಲಿ ಮಗು ಬಾಯಿ ಅಗಲಿಸಿ ಆಕಳಿಸಿತು.

ಎರಡನೆಯ ಕರಡಿನಲ್ಲಿ ಅವನು ಇದೆಲ್ಲವನ್ನೂ ಬರೆದ. ಬಸ್ಸು, ಬೆಂಚು, ಫ್ಲಾಸ್ಕ್, ಪಂಚೆ ಎಲ್ಲ ಬಂತು. ಅದು ಕ್ಯಾಪ್ಷನ್ ಆಗುವುದಿಲ್ಲ, ಕಾಗದವಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರದವರೆಗೆ ಜಾಗವಿದೆ ನಿಜ, ಆದರೆ ಮೊದಲ ಒಂದೆರಡು ಸಾಲಿನ ನಂತರದ್ದನ್ನು ಅದು ಮಡಚಿಡುತ್ತದೆ, ಬಿಡಿಸಿ ಓದುವವರು ಅತ್ತೆ ಮಾವ ಮಾತ್ರ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲವನ್ನೂ ಫೋನು ಬೇರೆಬೇರೆಯಾಗಿ ಎಣಿಸುವುದರಿಂದ ನಮ್ಮ ಕಣ್ಣಿಗೆ ನಾಲ್ಕು ಅಕ್ಷರವಾಗಿ ಕಾಣುವ ‘ಸೋದರತ್ತೆ’ ಅದರ ಲೆಕ್ಕದಲ್ಲಿ ಎಂಟು. ಹಾಗಾಗಿ ಒಂದೇ ಒಂದು ಸಂಗತಿ ಆರಿಸಿಕೊಳ್ಳಬೇಕು. ಅವನ ಬಳಿ ಇದ್ದವುಗಳಲ್ಲಿ ನಗುವೂ ಮಮತೆಯೂ ಎರಡೂ ಇದ್ದದ್ದು ನಡುಗಿದ ಕೈಯಲ್ಲಿ. ಮೂರನೆಯ ಕರಡು: ‘ಜಿಮ್‌ನಲ್ಲಿ ಇಪ್ಪತ್ತು ಕಿಲೋ ಎತ್ತುವ ಕೈ ಇದು. ಇವತ್ತು ಎರಡು ಕಿಲೋ ಒಂಬೈನೂರು ಗ್ರಾಂ ಎತ್ತಿಕೊಂಡು ನಡುಗಿಹೋಯಿತು. ಸೊಸೆ ಮಾತ್ರ ಆಕಳಿಸಿದಳು, ನನ್ನ ನೋಡಿ ಬೋರಾಯಿತೇನೋ.’

ಇದು ಬಹಳ ಸುಧಾರಿಸಿತು. ಆದರೆ ಅಜ್ಜಿಗೆ ಓದಿ ಹೇಳಿದರೆ ಮೊದಲ ತಕರಾರು ತೂಕದ್ದು. ಹಸುಗೂಸಿನ ತೂಕ ಊರಿಗೆಲ್ಲ ಹೇಳಬಾರದು, ದೃಷ್ಟಿಯಾಗುತ್ತದೆ ಎನ್ನುತ್ತಾಳೆ. ದೃಷ್ಟಿಯನ್ನು ನೀವು ನಂಬದಿರಬಹುದು, ನಾನಂತೂ ಸಂಪಾದಕನ ಕಣ್ಣಿನಿಂದ ಅಜ್ಜಿಯ ಪರ. ಅಂಕಿ ತೆಗೆದರೆ ಸಾಲು ಚೆನ್ನಾಗುತ್ತದೆ. ಇಪ್ಪತ್ತು ಕಿಲೋ ಎದುರಿಗೆ ಮಗು ಎಷ್ಟು ಹಗುರ ಎಂಬುದನ್ನು ಓದುವವರೇ ತೂಗಿಕೊಳ್ಳಲಿ. ಎರಡನೆಯ ತಕರಾರು ಹಾಸಿಗೆಯಲ್ಲಿ ಒರಗಿದ ಅಕ್ಕನಿಂದ.

‘ಏನೋ ಬರ್ದಿದೀಯ, ತೋರ್ಸು. ನನ್ನ ಫೋಟೋ ಏನಾದ್ರೂ ಹಾಕಿದ್ರೆ ನೋಡು ಮತ್ತೆ.’

‘ಇಲ್ಲ ಕಣೇ ಅಕ್ಕ, ಪಾಪು ಕಾಲು ಮಾತ್ರ.’

‘ಬೋರಾಯ್ತೇನೋ ಅಂತ ಯಾಕೆ? ಆಕಳಿಸಿದಳು ಅಂದ್ರೆ ಸಾಕು. ಎಲ್ಲರಿಗೂ ಗೊತ್ತಲ್ಲ, ನೀನು ಬೋರು ಅಂತ.’

ಅಕ್ಕ ಹೇಳಿದ್ದು ಸರಿ. ನಗೆಯನ್ನು ವಿವರಿಸಿದರೆ ಅದು ಸಾಯುತ್ತದೆ. ಕೊನೆಯ ರೂಪ ಇದು: ‘ಜಿಮ್‌ನಲ್ಲಿ ಇಪ್ಪತ್ತು ಕಿಲೋ ಎತ್ತುತ್ತೇನೆ. ಇವತ್ತು ಸೊಸೆಯನ್ನು ಎತ್ತಿಕೊಂಡು ಕೈ ನಡುಗಿತು. ಅವಳು ಆಕಳಿಸಿದಳು.’ ಫೋಟೋದಲ್ಲಿ ಕಾಲು, ಬರಹದಲ್ಲಿ ಕೈ ಮತ್ತು ಬಾಯಿ. ಫೋಟೋ ತೋರಿಸಿದ್ದನ್ನೇ ಬರಹವೂ ಹೇಳಿದರೆ ಎರಡರಲ್ಲಿ ಒಂದು ದಂಡ. ‘ಪುಟ್ಟ ಪುಟ್ಟ ಪಾದಗಳು’ ಎಂದು ಪಾದದ ಕೆಳಗೆ ಬರೆಯುವುದು ಯಾತಕ್ಕೆ?

ಅಕ್ಕನಿಗೆ ತೋರಿಸಿದ್ದು ಬರೀ ಸಲಹೆಗಾಗಿ ಅಲ್ಲ. ಸುದ್ದಿ ಮೊದಲು ಹೇಳುವ ಹಕ್ಕು ತಂದೆತಾಯಿಯದು. ಅವರು ದೊಡ್ಡಜ್ಜಿಗೆ ಫೋನ್ ಮಾಡುವ ಮೊದಲೇ ನಿಮ್ಮ ಸ್ಟೇಟಸ್ ದೊಡ್ಡಜ್ಜಿಯ ಮೊಮ್ಮಗಳಿಗೆ ಕಂಡು, ಅವಳು ಓಡಿ ಹೋಗಿ ಹೇಳಿದರೆ, ಆ ಮುನಿಸು ನಾಮಕರಣದ ಊಟದ ತನಕ ಬರುತ್ತದೆ. ಹಲವು ಮನೆಗಳಲ್ಲಿ ಹತ್ತು ದಿನದ ಪುರುಡು ಕಳೆದು ಹೆಸರಿಡುವ ತನಕ ಮುಖದ ಫೋಟೋ ಹೊರಗೆ ಬಿಡುವುದಿಲ್ಲ. ಅಂಥ ಮನೆಯಲ್ಲಿ ಕಾಲಿನ ಫೋಟೋ, ಖಾಲಿ ತೊಟ್ಟಿಲ ಫೋಟೋ, ಒಣಗಲು ಹಾಕಿದ ಲಂಗೋಟಿಗಳ ಸಾಲಿನ ಫೋಟೋ ಸಾಕು. ಲಂಗೋಟಿಯ ಸಾಲಿಗೆ ‘ನಮ್ಮ ಮನೆಯ ಹೊಸ ಬಾವುಟಗಳು’ ಎಂದು ಬರೆದರೆ ಬೇರೇನೂ ಹೇಳಬೇಕಾಗಿಲ್ಲ. ಫೋಟೋದಲ್ಲಿ ಮಗುವಿನ ಕೈಗೆ ಕಟ್ಟಿದ ಆಸ್ಪತ್ರೆಯ ಪಟ್ಟಿ ಕಾಣುತ್ತಿದೆಯೇ ಎಂದು ಒಮ್ಮೆ ದೊಡ್ಡದು ಮಾಡಿ ನೋಡಿಕೊಳ್ಳಿ. ಅದರಲ್ಲಿ ತಾಯಿಯ ಹೆಸರು, ದಿನಾಂಕ, ನಂಬರು ಎಲ್ಲ ಇರುತ್ತದೆ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಅಳಿಯುತ್ತದೆ ಎಂಬ ಧೈರ್ಯ ಬೇಡ, ಸ್ಕ್ರೀನ್‌ಶಾಟ್ ತೆಗೆಯಲು ಒಂದು ಕ್ಷಣ ಸಾಕು. ಯಾರಿಗೆ ಕಾಣಬೇಕು ಎಂದು ಆರಿಸುವ ಅವಕಾಶ ಅದರಲ್ಲೇ ಇದೆ, ಬಳಸುವವರು ಕಡಿಮೆ.

ಕೆಲವರು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ 1994ರ ಕಾಯ್ದೆಯ ಪ್ರಕಾರ ಹುಟ್ಟುವ ಮೊದಲು ಗಂಡೋ ಹೆಣ್ಣೋ ತಿಳಿಸುವಂತಿಲ್ಲ, ಹಾಗಾಗಿ ‘ಅಳಿಯ’ ‘ಸೊಸೆ’ ಎರಡಕ್ಕೂ ಸಿದ್ಧವಾಗಿರಬೇಕು. ಸುಲಭದ ದಾರಿಯೆಂದರೆ ಕೂಸು, ಪಾಪು ಎಂದು ಬರೆಯುವುದು. ‘ಪಾಪು ಬಂತು’ ಎನ್ನುವಾಗ ಎರಡೂ ಒಳಗೊಳ್ಳುತ್ತವೆ. ಹುಟ್ಟಿದ ಮೇಲೂ ‘ವಂಶೋದ್ಧಾರಕ ಬಂದ’ ಎಂದು ಗಂಡಿಗೆ, ಸಮಾಧಾನ ಹೇಳುವ ದನಿಯಲ್ಲಿ ‘ಹೆಣ್ಣಾದರೇನು, ಲಕ್ಷ್ಮಿ ಬಂದಳು’ ಎಂದು ಹೆಣ್ಣಿಗೆ ಬರೆಯುವುದನ್ನು ಬಿಡಬೇಕು. ‘ಇಷ್ಟು ವರ್ಷ ಕಾದ ಮೇಲೆ ಕೊನೆಗೂ’ ಎನ್ನುವುದೂ ಬೇಡ. ಆ ಕಾಯುವಿಕೆ ಅಕ್ಕ ಭಾವನದು, ಅದನ್ನು ಹೇಳುವುದೂ ಬಿಡುವುದೂ ಅವರಿಗೆ ಸೇರಿದ್ದು. ಅಳಿಯ ಹುಟ್ಟಿದ ಕೂಡಲೇ ‘ಮುಂದೆ ನನ್ನ ಮಗಳನ್ನು ಇವನಿಗೇ ಕೊಡೋದು’ ಎಂಬ ತಮಾಷೆ ನಮ್ಮ ಹಳ್ಳಿಗಳ ಕಟ್ಟೆಯಲ್ಲಿ ಈಗಲೂ ಕೇಳಿಸುತ್ತದೆ. ಕಟ್ಟೆಯ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಹದಿನೆಂಟು ವರ್ಷದ ನಂತರ ಆ ಇಬ್ಬರು ಮಕ್ಕಳ ಕಣ್ಣಿಗೆ ಬೀಳುತ್ತದೆ. ಅವರ ಮುಖ ನೆನೆಸಿಕೊಂಡು ಅಳಿಸಿಬಿಡಿ.

ನಗೆಯೇ ಬೇಡವಾದ ಸಂದರ್ಭವೂ ಇದೆ. ಮಗು ದಿನ ತುಂಬುವ ಮೊದಲೇ ಬಂದು ಎನ್‌ಐಸಿಯುನಲ್ಲಿದ್ದರೆ, ತಾಯಿ ಇನ್ನೂ ಚೇತರಿಸಿಕೊಳ್ಳದಿದ್ದರೆ, ಬರೆದದ್ದನ್ನು ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಂಡು ಕಾಯಬೇಕು. ಅಂಥ ದಿನಗಳಲ್ಲಿ ಚಿಕ್ಕಪ್ಪನ ಸ್ಟೇಟಸ್ ನೋಡಿ ನೂರು ಜನ ಅಪ್ಪನಿಗೆ ಫೋನ್ ಮಾಡುತ್ತಾರೆ, ಅವನು ನೂರು ಸಲ ಅದೇ ಉತ್ತರ ಕೊಡಬೇಕಾಗುತ್ತದೆ. ಮಗು ಮನೆಗೆ ಬಂದ ದಿನ ಹಾಕಿದರೆ ಸಾಲು ಹಳಸುವುದಿಲ್ಲ. ‘ಸ್ವಲ್ಪ ಬೇಗ ಬಂದಳು, ಸ್ವಲ್ಪ ತಡವಾಗಿ ಮನೆಗೆ ಬಂದಳು. ಸಮಯದ ವಿಷಯದಲ್ಲಿ ಥೇಟ್ ಅತ್ತೆ’ ಎಂದು ಬರೆಯುವ ಸಲಿಗೆ ಆಗ, ಅತ್ತಿಗೆಯೂ ನಗುವ ಸ್ಥಿತಿಯಲ್ಲಿದ್ದರೆ ಮಾತ್ರ, ಇದೆ.

ಹಾಕಿದ ಮೇಲಿನ ಕೆಲಸವೊಂದು ಉಳಿಯುತ್ತದೆ. ಕೆಳಗೆ ಬರುವ ಮಾತುಗಳಲ್ಲಿ ಮೊದಲನೆಯದು ಅಭಿನಂದನೆ, ಎರಡನೆಯದು ‘ಪಾರ್ಟಿ ಯಾವಾಗ’, ಮೂರನೆಯದು ‘ಮುಂದಿನ ಸರದಿ ನಿಂದೇ’. ಮೊದಲ ಎರಡಕ್ಕೆ ಕೈ ಮುಗಿಯುವ ಚಿತ್ರ ಸಾಕು. ಮೂರನೆಯದಕ್ಕೆ ಅತ್ತೆ, ಮಾವ, ಚಿಕ್ಕಿ, ಕಾಕಾ ಯಾರೇ ಆದರೂ ಕೊಡಬಹುದಾದ ಉತ್ತರ ಒಂದಿದೆ: ‘ಸದ್ಯಕ್ಕೆ ಹುದ್ದೆ ಭರ್ತಿ. ಲಂಗೋಟಿ ಮಡಚುತ್ತಿದ್ದೇನೆ, ಆಮೇಲೆ ಮಾತಾಡೋಣ.’